ಮೆಕ್ಕೆಜೋಳದ ಕರಾರು: ಇಂಡೆಮ್ನಿಟಿ, ಲಯಬಿಲಿಟಿ, ಫೋರ್ಸ್ ಮಜೂರ್‌ಗೆ ಕನ್ನಡದಲ್ಲಿ ಏನು ಬರೆಯೋದು?

ಪ್ರಶ್ನೆ (ಅನುವಾದಕ, ದಾವಣಗೆರೆ): ಕೋಳಿ ಆಹಾರದ ಕಾರ್ಖಾನೆಯೊಂದು ಇಲ್ಲಿನ ವರ್ತಕರಿಂದ ಮೆಕ್ಕೆಜೋಳ ಕೊಳ್ಳೋಕೆ ಇಂಗ್ಲಿಷ್ ಕರಾರು ಕಳಿಸಿದೆ. ವರ್ತಕರಿಗೆ ಕನ್ನಡ ಪ್ರತಿ ಬೇಕು. ಇಂಡೆಮ್ನಿಟಿ, ಡ್ಯಾಮೇಜಸ್ ಎರಡಕ್ಕೂ ‘ನಷ್ಟಪರಿಹಾರ’, ಲಯಬಿಲಿಟಿಗೆ ‘ಜವಾಬ್ದಾರಿ’, ಫೋರ್ಸ್ ಮಜೂರ್‌ಗೆ ‘ನೈಸರ್ಗಿಕ ವಿಕೋಪ’ ಹಾಕಿದ್ದೀನಿ. ನಡೆಯುತ್ತಾ?

ವಕೀಲೆ, ದಾವಣಗೆರೆ: ಮೊದಲು ‘ನಷ್ಟಪರಿಹಾರ’ ಬಿಡಿಸಿ ಸರ್, ದೊಡ್ಡ ಪೆಟ್ಟು ಬೀಳೋದು ಅಲ್ಲೇ. ಡ್ಯಾಮೇಜಸ್ ಅಂದರೆ ಕರಾರು ಮುರಿದದ್ದಕ್ಕೆ ಕೊಡೋ ಹಣ, ಅದು ಕರಾರು ಕಾಯಿದೆ 1872ರ 73ನೇ ಕಲಮಿನದು. ದೂರದ, ಪರೋಕ್ಷ ನಷ್ಟ ಅದರಲ್ಲಿ ಸಿಗಲ್ಲ. ಇಂಡೆಮ್ನಿಟಿ ಅಂದರೆ ಇನ್ನೊಬ್ಬರಿಗೆ ಆಗೋ ನಷ್ಟ ನಾವು ತುಂಬಿಕೊಡ್ತೀವಿ ಅನ್ನೋ ಮಾತು, ಅದು 124, 125ನೇ ಕಲಮಿಗೆ ಸೇರಿದ್ದು.

ನಿಮ್ಮ ಕರಾರನ್ನೇ ತಗೊಳ್ಳಿ. 100 ಟನ್ ಜೋಳ, ಕ್ವಿಂಟಲ್‌ಗೆ 2,200 ರೂಪಾಯಿ ಅಂದರೆ 22 ಲಕ್ಷ. ಜೋಳಕ್ಕೆ ಬೂಷ್ಟು ಹಿಡಿದು, ಆಹಾರ ತಿಂದ ಕೋಳಿ ಸತ್ತು, ಕೋಳಿ ಸಾಕಿದವರು ಕಾರ್ಖಾನೆ ಮೇಲೆ 40 ಲಕ್ಷದ ದಾವೆ ಹಾಕಿದರು ಅಂತಿಟ್ಟುಕೊಳ್ಳಿ. ಆ ಹೊರೆಯನ್ನು ವರ್ತಕರ ಮೇಲೆ ತರೋದು ಇಂಡೆಮ್ನಿಟಿ ಕಲಮು. ಇಂಥ ಕರಾರುಗಳಲ್ಲಿ ಸಾಮಾನ್ಯವಾಗಿ ಇನ್ನೊಂದು ಮಾತೂ ಇರುತ್ತೆ: ಡ್ಯಾಮೇಜಸ್ ಮಾಲಿನ ಬೆಲೆ ಮೀರಬಾರದು, ಇಂಡೆಮ್ನಿಟಿಗೆ ಆ ಮಿತಿ ಇಲ್ಲ. ಎರಡಕ್ಕೂ ಒಂದೇ ಪದ ಹಾಕಿದರೆ ‘ನಷ್ಟಪರಿಹಾರ 22 ಲಕ್ಷ ಮೀರತಕ್ಕದ್ದಲ್ಲ’ ಅನ್ನೋದು ಇಂಡೆಮ್ನಿಟಿಗೂ ಅನ್ವಯಿಸುತ್ತೆ. ಇಂಗ್ಲಿಷ್ ಪ್ರತಿಯಲ್ಲಿ ಆ ಮಾತು ಇದ್ದರೆ ಅದರ ಪ್ರಕಾರ 40 ಲಕ್ಷ, ಕನ್ನಡದ ಪ್ರಕಾರ 22. ವ್ಯಾಜ್ಯಕ್ಕೆ ಅಷ್ಟು ಸಾಕು.

ಪದಕ್ಕೆ ಪದ ಹುಡುಕಬೇಡಿ, ಯಾರು ಯಾವಾಗ ಏನು ಕೊಡಬೇಕು ಅನ್ನೋದನ್ನು ಪೂರ್ತಿ ವಾಕ್ಯದಲ್ಲಿ ಬರೆಯಿರಿ:

“ಮಾರುವವರು ಕೊಟ್ಟ ಮಾಲಿನ ದೋಷದ ಕಾರಣಕ್ಕೆ ಬೇರೆ ಯಾರಾದರೂ ಕೊಳ್ಳುವವರ ಮೇಲೆ ದಾವೆ ಹೂಡಿದಲ್ಲಿ, ತೀರ್ಪಿನಂತೆ ಕೊಡಬೇಕಾದ ಹಣವನ್ನೂ ದಾವೆಯ ಖರ್ಚನ್ನೂ ಮಾರುವವರು ಭರಿಸತಕ್ಕದ್ದು. ಈ ಕರಾರಿನಲ್ಲಿ ಇದನ್ನು ನಷ್ಟಭರ್ತಿ (ಇಂಡೆಮ್ನಿಟಿ) ಎಂದು ಕರೆಯಲಾಗಿದೆ.”

‘ಕೊಟ್ಟ ಹಣ’ ಅನ್ನದೆ ‘ಕೊಡಬೇಕಾದ ಹಣ’ ಅಂದಿದ್ದೀನಿ, ಗಮನಿಸಿ. ‘ಕೊಟ್ಟ’ ಅಂದರೆ ಕಾರ್ಖಾನೆ ಮೊದಲು ಕೈಯಿಂದ ಕಟ್ಟಿ ಆಮೇಲೆ ಕೇಳಬೇಕು. ಹೊಣೆ ಖಚಿತವಾದರೆ ಕಟ್ಟುವ ಮೊದಲೇ ಕೇಳಬಹುದು ಅಂತ ಬಾಂಬೆ ಹೈಕೋರ್ಟ್ 1942ರಲ್ಲೇ ಗಜಾನನ ಮೊರೇಶ್ವರ ಪ್ರಕರಣದಲ್ಲಿ ಹೇಳಿದೆ.

ಚಳ್ಳಕೆರೆ ಸದಸ್ಯರು: ಮೇಡಂ, ನಮ್ಮ ತಂದೆಯವರ ಎಫ್‌ಡಿ ರಸೀದಿ ಕಳೆದಿದೆ. ಬ್ಯಾಂಕಿನವರು ಇಂಡೆಮ್ನಿಟಿ ಬಾಂಡ್ ಬರೆದುಕೊಡಿ ಅಂತಾರೆ. ಇದಕ್ಕೂ ಮಿತಿ ಹಾಕಿಸಬಹುದಾ?

ವಕೀಲೆ: ಅದು ಬ್ಯಾಂಕಿನದೇ ನಮೂನೆ ಅಣ್ಣ, ತಿದ್ದೋಕೆ ಒಪ್ಪೋದು ಕಷ್ಟ. ಮುಂದೆ ಬೇರೆಯವರು ಆ ರಸೀದಿ ತಂದು ಹಣ ಕೇಳಿದರೆ ಬ್ಯಾಂಕಿನ ನಷ್ಟ ನೀವು ತುಂಬಬೇಕು, ಅಷ್ಟೇ. ಜಾಮೀನುದಾರರ ಸಹಿ ಕೇಳಿದ್ದಾರಾ ನೋಡಿಕೊಳ್ಳಿ.

ಚಿತ್ರದುರ್ಗದ ದಸ್ತಾವೇಜು ಬರಹಗಾರರು: ಫೋರ್ಸ್ ಮಜೂರ್‌ಗೆ ‘ದೈವಾಧೀನ ಘಟನೆ’ ಅಂತ ಬರೀರಿ. ನಾವು ಪತ್ರಗಳಲ್ಲಿ ಹಾಕೋದು ಅದನ್ನೇ, ಜನಕ್ಕೂ ಅರ್ಥ ಆಗುತ್ತೆ.

ವಕೀಲೆ: ಮಳೆ, ನೆರೆ, ಸಿಡಿಲಿಗೆ ಅದು ಸರಿ ಸರ್. ಲಾರಿ ಮುಷ್ಕರ, ಸರ್ಕಾರದ ಸಾಗಣೆ ನಿಷೇಧ, ಲಾಕ್‌ಡೌನ್ ಮನುಷ್ಯರು ಮಾಡಿದ್ದು. ‘ದೈವಾಧೀನ’ಕ್ಕೂ ‘ನೈಸರ್ಗಿಕ ವಿಕೋಪ’ಕ್ಕೂ ಅವು ಸೇರಲ್ಲ. ‘ಕೈಮೀರಿದ ಘಟನೆ’ ಅಂತ ಹೆಸರಿಟ್ಟು, ಇಂಗ್ಲಿಷ್ ಪ್ರತಿಯಲ್ಲಿರೋ ಪಟ್ಟಿಯನ್ನು ಒಂದೂ ಬಿಡದೆ ಬರೆಯಿರಿ. ನೀವಾಗಿ ‘ಇತ್ಯಾದಿ’ ಸೇರಿಸಬೇಡಿ.

ಇನ್ನೊಂದು ಕಡೆ ಎಡವೋದು ಫಲದಲ್ಲಿ. ಮೂಲದಲ್ಲಿ ‘ಅಷ್ಟು ದಿನ ಕೆಲಸ ತಡೆದಿಡಬಹುದು’ ಅಂತಿದ್ದರೆ ಕನ್ನಡದಲ್ಲಿ ‘ಕರಾರು ರದ್ದಾಗುತ್ತದೆ’ ಅಂತ ಬರೆದುಬಿಡ್ತಾರೆ. ಕರಾರು ನೆರವೇರಿಸೋದೇ ಅಸಾಧ್ಯವಾದಾಗ ಅದು ಶೂನ್ಯವಾಗೋದು 56ನೇ ಕಲಮಿನಡಿ, ತಡೆದಿಡೋದು ಬೇರೆ. ಎಪಿಎಂಸಿಯಲ್ಲಿ ಜೋಳದ ದರ ಏರಿತು ಅನ್ನೋದೂ ಕೈಮೀರಿದ್ದಲ್ಲ. ಆಮದು ಕಲ್ಲಿದ್ದಲಿನ ಬೆಲೆ ಏರಿದ ಎನರ್ಜಿ ವಾಚ್‌ಡಾಗ್ ಪ್ರಕರಣದಲ್ಲಿ 2017ರಲ್ಲಿ ಸುಪ್ರೀಂ ಕೋರ್ಟ್ ಆ ವಾದ ಒಪ್ಪಲಿಲ್ಲ.

ಲಯಬಿಲಿಟಿಗೆ ‘ಹೊಣೆ’ ಹಾಕಿ. ಚೀಲ ಹೊಲಿಸೋದು, ತೂಕ ಮಾಡಿಸೋದು ‘ಜವಾಬ್ದಾರಿ’. ತಪ್ಪಿದರೆ ತಲೆಗೆ ಬರೋದು ಹೊಣೆ.

ಅನುವಾದಕ: ಮೇಡಂ, ನೀವು ಹೇಳಿದ ಮಿತಿಯ ಮಾತು ನೋಡಿದೆ. ಮೂಲದಲ್ಲಿ ಇಂಡೆಮ್ನಿಟಿಗೆ ಆ ಮಿತಿಯಿಂದ ವಿನಾಯಿತಿಯೇ ಇಲ್ಲ. ನಾನೇ ಸೇರಿಸಲಾ?

ವಕೀಲೆ: ಬೇಡ. ಕಾರ್ಖಾನೆಯವರಿಗೆ ಲಿಖಿತವಾಗಿ ಕೇಳಿ, ಉತ್ತರ ಬಂದಮೇಲೆ ಎರಡೂ ಪ್ರತಿ ಒಟ್ಟಿಗೆ ತಿದ್ದಿಸಿ. ವ್ಯತ್ಯಾಸ ಬಂದಾಗ ಯಾವ ಭಾಷೆಯ ಪ್ರತಿ ಊರ್ಜಿತ ಅನ್ನೋ ಕಲಮೂ ಬೇಕು.

ದಸ್ತಾವೇಜು ಬರಹಗಾರರು: ವರ್ತಕರು ಓದಿ ಸಹಿ ಹಾಕೋದು ಕನ್ನಡಕ್ಕೆ. ಅದೇ ಊರ್ಜಿತ ಆಗಬೇಕು ಮೇಡಂ.

ವಕೀಲೆ: ನನಗೂ ಹಾಗೇ ಅನಿಸುತ್ತೆ. ಆದರೆ ಕಾರ್ಖಾನೆಯವರು ಇಂಗ್ಲಿಷೇ ಅಂತ ಪಟ್ಟು ಹಿಡಿದರೆ ವರ್ತಕರು ಚೌಕಾಸಿ ಮಾಡಬೇಕಷ್ಟೇ, ಅನುವಾದಕರು ತೀರ್ಮಾನಿಸೋದಲ್ಲ.