ಫ್ರೀ ಸ್ಟೇಷನ್ ಹಾಕಿದೆ, ಸ್ಕೇಲ್ 0.9996 ಬರ್ತಿದೆ. ಪಾಯಿಂಟ್ ನಂಬಬಹುದಾ?

ಕೇಳಿದವರು, ಹುಬ್ಬಳ್ಳಿ ಸೈಟ್: ಕಂಟ್ರೋಲ್ ಪಾಯಿಂಟ್ ಮೇಲೆ ಮಷಿನ್ ಇಡೋಕೆ ಜಾಗ ಇಲ್ಲ, ಕಂಬಿ ರಾಶಿ ಹಾಕಿದ್ದಾರೆ. ಅದಕ್ಕೆ ನಡುವೆ ಎಲ್ಲೋ ನಿಂತು ಫ್ರೀ ಸ್ಟೇಷನ್ ಮಾಡಿದೆ. CP1 (E 1000.000, N 2000.000) ಕಡೆ ಸೊನ್ನೆ ಇಟ್ಟೆ, ಹಾರಿಜಾಂಟಲ್ ದೂರ 63.276. CP2 (E 1080.000, N 2060.000) ಕೋನ 85°36'05", ದೂರ 82.492. ಹೊಸ ಪಾಯಿಂಟ್ ಕೋನ 130°00'00", ದೂರ 40.030. ಸ್ಕ್ರೀನಲ್ಲಿ ಸ್ಕೇಲ್ 0.9996, ರೆಸಿಡ್ಯುಯಲ್ ಎಲ್ಲ ಸೊನ್ನೆ. ಕೈಯಲ್ಲಿ ಲೆಕ್ಕ ಹಾಕಿ ಚೆಕ್ ಮಾಡೋದು ಹೇಗೆ? ಕಾಲಂ ಮಾರ್ಕಿಂಗ್ ಇದೆ.

ದಾವಣಗೆರೆಯಿಂದ, ರಸ್ತೆ ಕೆಲಸ: ನಮಗೂ ಹೀಗೇ ಆಗಿತ್ತು ಸರ್. ಪ್ರಿಸಂ ಎತ್ತರ 1.5 ಅಂತ ಹಾಕಿ, ಕೋಲು 2 ಮೀಟರ್‌ಗೆ ಏರಿಸಿದ್ದರು. ಲೆವೆಲ್ ಪೂರ್ತಿ ಅರ್ಧ ಮೀಟರ್ ಹೆಚ್ಚು ಬಂತು. ಮೊದಲು ಅದನ್ನು ನೋಡಿ.

ಕೇಳಿದವರು: ಲೆವೆಲ್ ಸಮಸ್ಯೆ ಅಲ್ಲ ಸರ್, E ಮತ್ತು N ಮಾತ್ರ ಬೇಕು.

ಬೆಳಗಾವಿಯಿಂದ, ಜಿಪಿಎಸ್ ಸರ್ವೆ: 0.9996 ನೋಡಿದ ತಕ್ಷಣ ಗೊತ್ತಾಗುತ್ತೆ, ಅದು ಯುಟಿಎಂ ಸ್ಕೇಲ್. ಹುಬ್ಬಳ್ಳಿ 43ನೇ ವಲಯದ ನಡು ರೇಖೆಗೆ, ಅಂದರೆ 75 ಡಿಗ್ರಿಗೆ, ಹತ್ತಿರ ಇದೆ. ಅಲ್ಲಿ ನೆಲದ 100 ಮೀಟರ್ ಗ್ರಿಡ್‌ನಲ್ಲಿ 4 ಸೆಂ.ಮೀ. ಕಡಿಮೆ ಆಗುತ್ತೆ. ನಿಮ್ಮ ಕಂಟ್ರೋಲ್ ಜಿಪಿಎಸ್‌ನಿಂದ ಬಂದಿರುತ್ತೆ. ರೆಸಿಡ್ಯುಯಲ್ ಸೊನ್ನೆ ಇದೆಯಲ್ಲ, ಧೈರ್ಯವಾಗಿ ಕೆಲಸ ಶುರು ಮಾಡಿ.

ತುಮಕೂರಿನಿಂದ, ಸೈಟ್ ಸರ್ವೇಯರ್: ಸ್ವಲ್ಪ ತಡೀರಿ. ಆ ಸೊನ್ನೆಗೆ ಇಲ್ಲಿ ಬೆಲೆ ಇಲ್ಲ. ನೀವು ಅಳೆದದ್ದು ನಾಲ್ಕು: ಎರಡು ದಿಕ್ಕು, ಎರಡು ದೂರ. ಮಷಿನ್ ಹುಡುಕಿದ್ದೂ ನಾಲ್ಕು: ನಿಂತ ಜಾಗದ E, N, ಓರಿಯೆಂಟೇಷನ್, ಸ್ಕೇಲ್. ಏನೇ ತಪ್ಪಿದ್ದರೂ ಅದು ಈ ನಾಲ್ಕರೊಳಗೆ ಸೇರಿಹೋಗುತ್ತದೆ, ರೆಸಿಡ್ಯುಯಲ್‌ನಲ್ಲಿ ಕಾಣುವುದೇ ಇಲ್ಲ. ಸ್ಕೇಲ್ ಅನ್ನು 1ಕ್ಕೆ ಕಟ್ಟಿಹಾಕಿದ್ದರೆ ಆಗಲೇ ಮಷಿನ್ ಕೂಗುತ್ತಿತ್ತು.

ಕೈ ಲೆಕ್ಕ ಹೀಗೆ. ಮಷಿನ್ ನಿಂತ ಜಾಗವನ್ನು 0,0 ಅಂದುಕೊಳ್ಳಿ. CP1 ನೇರ ಮುಂದೆ: ಲೋಕಲ್ N 63.276, E 0. CP2ಗೆ ದೂರವನ್ನು ಕೋನದ cos ಮತ್ತು sin ಜೊತೆ ಗುಣಿಸಿ: N 6.327, E 82.249. ಈಗ ಎರಡರ ನಡುವಿನ ದೂರ ತೆಗೆಯಿರಿ, 100.040 ಬರುತ್ತದೆ. ಕೊಟ್ಟ ಕೋ-ಆರ್ಡಿನೇಟ್ ಪ್ರಕಾರ ಅದು ಸರಿಯಾಗಿ 100.000. ನಿಮ್ಮ 0.9996 ಹುಟ್ಟಿದ್ದು ಇಲ್ಲಿಂದ.

ಮುಂದೆ CP1ರಿಂದ CP2ಗೆ ಬೇರಿಂಗ್ ಎರಡು ಸಲ ತೆಗೆಯಬೇಕು, ಒಮ್ಮೆ ಗ್ರಿಡ್‌ನಲ್ಲಿ, ಒಮ್ಮೆ ಲೋಕಲ್‌ನಲ್ಲಿ. ಎಕ್ಸೆಲ್‌ನಲ್ಲಾದರೆ:

```
=MOD(DEGREES(ATAN2(dN,dE)),360)
```

ಎಕ್ಸೆಲ್‌ನಲ್ಲಿ dN ಮೊದಲು ಬರಬೇಕು, ಅದು ತಿರುಗಿದರೆ ಎಲ್ಲಾ ತಿರುಗುತ್ತದೆ. ಗ್ರಿಡ್ ಬೇರಿಂಗ್‌ನಿಂದ ಲೋಕಲ್ ಬೇರಿಂಗ್ ಕಳೆದರೆ ನಿಮ್ಮ ಸೊನ್ನೆ ಗೆರೆಯ ನಿಜವಾದ ಬೇರಿಂಗ್ ಸಿಗುತ್ತದೆ: 288°25'53". ಆ ದಿಕ್ಕಿನಲ್ಲಿ CP1ರಿಂದ ಹಿಂದಕ್ಕೆ ಬಂದರೆ ನೀವು ನಿಂತ ಜಾಗ. ಅಲ್ಲಿಂದ 130 ಡಿಗ್ರಿ ಕೂಡಿಸಿ ಮುಂದಕ್ಕೆ ಹೋದರೆ ಹೊಸ ಪಾಯಿಂಟ್. ಸ್ಕೇಲ್ ಹಾಕಿದರೆ ಅದು E 1094.098, N 2000.950.

ಕೇಳಿದವರು: ಮಷಿನ್ ಕೂಡ ಇದೇ ಕೊಟ್ಟಿದೆ! ಹಾಗಾದರೆ ಸರಿ ಅಲ್ವಾ?

ತುಮಕೂರಿನಿಂದ, ಸೈಟ್ ಸರ್ವೇಯರ್: ಲೆಕ್ಕ ಸರಿ. ಅಳತೆ ಸರಿ ಅಂತ ಇನ್ನೂ ಗೊತ್ತಾಗಿಲ್ಲ. ಪ್ರಿಸಂ ಯಾವುದು? ಅದರ ಮೇಲೆ ಕಾನ್ಸ್ಟಂಟ್ ಏನು ಬರೆದಿದೆ, ಮಷಿನ್‌ನಲ್ಲಿ ಏನಿದೆ?

ಕೇಳಿದವರು: ಪ್ರಿಸಂ ಬಾಡಿಗೆಯದು. ಹಿಂಬದಿಯ ಸ್ಟಿಕ್ಕರ್ ಕಿತ್ತು ಹೋಗಿದೆ. ಮಷಿನ್‌ನಲ್ಲಿ 0 ಇದೆ.

ತುಮಕೂರಿನಿಂದ, ಸೈಟ್ ಸರ್ವೇಯರ್: ನನ್ನ ಅನುಮಾನ ಅದೇ. ಆ ಪ್ರಿಸಂ −30ರದ್ದಾಗಿದ್ದರೆ ಪ್ರತಿ ದೂರವೂ 30 ಮಿ.ಮೀ. ಹೆಚ್ಚು ಬಂದಿದೆ. ನಿಮ್ಮ ಎರಡೂ ದೂರದಿಂದ 30 ಕಳೆದು ನೋಡಿ, 63.246 ಮತ್ತು 82.462. CP1ರಿಂದ CP2ಗೆ ಸರಿಯಾಗಿ 100.000 ಬರುತ್ತದೆ, ಸ್ಕೇಲ್ ಬೇಕೇ ಇಲ್ಲ. ಓರಿಯೆಂಟೇಷನ್ 288°26'06", ನೀವು ನಿಂತದ್ದು E 1060.000, N 1980.000. ಹೊಸ ಪಾಯಿಂಟ್ 40.000 ದೂರದಲ್ಲಿ E 1094.082, N 2000.939. ಮೊದಲಿನದಕ್ಕೂ ಇದಕ್ಕೂ ಹೆಚ್ಚುಕಡಿಮೆ 2 ಸೆಂ.ಮೀ. ವ್ಯತ್ಯಾಸ. ಕಾಲಂಗೆ ಇದು ಸಣ್ಣದಲ್ಲ.

ಬೆಳಗಾವಿಯಿಂದ, ಜಿಪಿಎಸ್ ಸರ್ವೆ: ಸುಮ್ನೆ ಹೆದರಿಸ್ತಾ ಇದ್ದೀರಿ. 0.9996 ಅಷ್ಟು ನಿಖರವಾಗಿ ಕಾಕತಾಳೀಯ ಬರುತ್ತಾ?

ಪಾಲಿಟೆಕ್ನಿಕ್ ಉಪನ್ಯಾಸಕಿ, ಮೈಸೂರು: ಬರಬಹುದು ಸರ್. ಇನ್ನೊಂದು ವಿಷಯ ಇದೆ. ಹುಬ್ಬಳ್ಳಿ ಸಮುದ್ರ ಮಟ್ಟದಿಂದ ಆರುನೂರು ಮೀಟರ್‌ಗಿಂತ ಮೇಲಿದೆ. ಎತ್ತರದ ಇಳಿಕೆಯೂ ಸೇರಿದರೆ 100 ಮೀಟರ್‌ಗೆ ಇನ್ನೊಂದು ಸೆಂ.ಮೀ. ಹತ್ತಿರ ಕಡಿಮೆಯಾಗಬೇಕು. ಶುದ್ಧ ಯುಟಿಎಂ ಆಗಿದ್ದರೆ ಸ್ಕೇಲ್ 0.9995ರ ಹತ್ತಿರ ಕಾಣಬೇಕಿತ್ತು. ಮಷಿನ್‌ನಲ್ಲಿ ಎತ್ತರದ ಕರೆಕ್ಷನ್ ಆನ್ ಇದ್ದರೆ ಮಾತು ಬೇರೆ.

ಕೇಳಿದವರು: ನಮ್ಮದು 1000, 2000 ಅಂತ ಸಣ್ಣ ಸಂಖ್ಯೆ ಮೇಡಂ. ಯುಟಿಎಂ ಆಗಿದ್ದರೆ ಏಳು ಅಂಕಿಯ N ಇರಬೇಕಲ್ವಾ?

ಬೆಳಗಾವಿಯಿಂದ, ಜಿಪಿಎಸ್ ಸರ್ವೆ: ಅಷ್ಟಕ್ಕೇ ನಂಬಬೇಡಿ. ಮುಂದಿನ ಅಂಕಿ ಕತ್ತರಿಸಿ ಕೊಡುವವರು ಬೇಕಾದಷ್ಟಿದ್ದಾರೆ. ಸಂಖ್ಯೆ ಸಣ್ಣದಾದರೂ ಸ್ಕೇಲ್ ಹಾಗೇ ಉಳಿದಿರುತ್ತೆ. ಡ್ರಾಯಿಂಗ್ ಕೊಟ್ಟವರನ್ನೇ ಕೇಳಿ.

ತುಮಕೂರಿನಿಂದ, ಸೈಟ್ ಸರ್ವೇಯರ್: ಈ ಮಾತು ಒಪ್ಪಿದೆ. ಆದರೆ ಫೋನ್ ಕಾಯದೆ ಸೈಟ್‌ನಲ್ಲೇ ತಿಳಿಯಬಹುದು. CP1ರ ಹಿಂದೆ, CP2-CP1 ಗೆರೆಯ ಮುಂದುವರಿಕೆಯಲ್ಲಿ ಮಷಿನ್ ಇಡಿ. ಅದೇ ಪ್ರಿಸಂನಿಂದ ಎರಡಕ್ಕೂ ದೂರ ತೆಗೆದು ಕಳೆಯಿರಿ. ಎರಡರಲ್ಲೂ ಒಂದೇ 30 ಇರುವುದರಿಂದ ಅದು ಹೊರಟುಹೋಗುತ್ತದೆ. 100.000 ಬಂದರೆ ಪ್ರಿಸಂ ತಪ್ಪು. 100.040 ಬಂದರೆ ನಿಜವಾಗಿ ಸ್ಕೇಲ್, ಅಥವಾ ಕಂಟ್ರೋಲ್ ಕಲ್ಲೇ ಸರಿದಿದೆ. ಅದು ಸ್ಕೇಲ್ ಅಂತ ಖಚಿತವಾದರೆ ಬೆಳಗಾವಿಯವರು ಹೇಳಿದ್ದೇ ಸರಿ, ಮೊದಲಿನ ಉತ್ತರವೇ ನಿಮ್ಮ ಪಾಯಿಂಟ್.

ಕೇಳಿದವರು: CP1 ಹಿಂದೆ ಕಾಂಪೌಂಡ್ ಗೋಡೆ. CP2 ಹಿಂದೆ ರಸ್ತೆ, ಗಾಡಿ ನಿಲ್ಲುವುದೇ ಇಲ್ಲ.

ತುಮಕೂರಿನಿಂದ, ಸೈಟ್ ಸರ್ವೇಯರ್: ಹಾಗಾದರೆ ಎರಡರ ನಡುವೆ ಗೆರೆಯ ಮೇಲೆ ನಿಲ್ಲಿ. ಇಲ್ಲಿ ದೂರ ಕೂಡುತ್ತವೆ, ಹಾಗಾಗಿ ಪ್ರಿಸಂ ತಪ್ಪು ಎರಡು ಸಲ ಸೇರುತ್ತದೆ. 100.060 ಬಂದರೆ ಪ್ರಿಸಂ, 100.040 ಬಂದರೆ ಸ್ಕೇಲ್ ಅಥವಾ ಕಲ್ಲು. 20 ಮಿ.ಮೀ. ಅಂತರ ಇದೆ, ಸುಲಭವಾಗಿ ಬೇರೆ ಮಾಡಬಹುದು.

ಪಾಲಿಟೆಕ್ನಿಕ್ ಉಪನ್ಯಾಸಕಿ, ಮೈಸೂರು: 180 ಡಿಗ್ರಿ ಹತ್ತಿರ ಫ್ರೀ ಸ್ಟೇಷನ್ ಮಾಡಬಾರದು ಅಂತ ನಾವು ಕಲಿಸುತ್ತೇವೆ. ಕೋನ 30ರಿಂದ 150ರ ಒಳಗೆ ಇರಬೇಕು.

ತುಮಕೂರಿನಿಂದ, ಸೈಟ್ ಸರ್ವೇಯರ್: ಇಲ್ಲಿ ಬೇಕಿರುವುದು ದೂರದ ಚೆಕ್ ಮಾತ್ರ ಮೇಡಂ. ಆದರೂ ದೂರ, ಕೋನ ಎರಡೂ ಅಳೆದರೆ 180 ಅಷ್ಟು ಕೆಟ್ಟದ್ದಲ್ಲ ಅನ್ನುವುದು ನನ್ನ ಅಭಿಪ್ರಾಯ. 40 ಮತ್ತು 60 ಮೀಟರ್ ನಡುವೆ ನಿಂತಾಗ 5 ಸೆಕೆಂಡ್ ಕೋನ ತಪ್ಪಿದರೂ ಅಡ್ಡಕ್ಕೆ ಒಂದು ಮಿ.ಮೀ. ಕೂಡ ಸರಿಯುವುದಿಲ್ಲ. ಎರಡೂ ಒಂದೇ ದಿಕ್ಕಿಗೆ ಬಿದ್ದು ಕೋನ ಸಣ್ಣದಾದಾಗಲೇ ನಿಜವಾದ ತೊಂದರೆ.

ಪಾಲಿಟೆಕ್ನಿಕ್ ಉಪನ್ಯಾಸಕಿ, ಮೈಸೂರು: ಲೆಕ್ಕ ಹಾಕಿ ನೋಡಿ ಹೇಳುತ್ತೇನೆ. ಸದ್ಯಕ್ಕೆ ಒಪ್ಪಿದ್ದೇನೆ ಅಂತ ಅಂದುಕೊಳ್ಳಬೇಡಿ.

ಕೇಳಿದವರು: ನಾಳೆ ಬೆಳಿಗ್ಗೆ ಕಾಂಕ್ರೀಟ್ ಗಾಡಿ ಬರೋ ಮೊದಲು ನಡುವೆ ನಿಂತು ಅಳೆಯುತ್ತೇನೆ. ಎಷ್ಟು ಬಂತು ಅಂತ ಇಲ್ಲೇ ಹಾಕುತ್ತೇನೆ.