ಸಿಟ್ರಿಕ್ ಆಸಿಡ್ ಸೈಕಲ್‌ನಲ್ಲಿ ಆಕ್ಸಿಜನ್ ಎಲ್ಲೂ ಕಾಣಲ್ಲ, ಆದ್ರೂ ಅದಿಲ್ಲದೆ ಯಾಕೆ ನಿಲ್ಲುತ್ತೆ?

ಭಟ್ಟಿ ಹುಡುಗ, ದಾವಣಗೆರೆ

ಮೊದಲ ವರ್ಷದ ಬಯೋಕೆಮಿಸ್ಟ್ರಿ ಪರೀಕ್ಷೆಗೆ ಇನ್ನು ಒಂಬತ್ತು ದಿನ ಇದೆ. ಇಂಟರ್ನಲ್ಸ್‌ನಲ್ಲಿ 5 ಅಂಕಕ್ಕೆ ಒಂದು ಪ್ರಶ್ನೆ ಬಂದಿತ್ತು: ಆಕ್ಸಿಜನ್ ಈ ಸೈಕಲ್‌ನಲ್ಲಿ ನೇರವಾಗಿ ಭಾಗವಹಿಸಲ್ಲ, ಆದರೂ ಅದು ಬೇಕೇ ಬೇಕು, ಯಾಕೆ? ನಾನು ಬರೆದದ್ದು: "ಕಾರ್ಬನ್ ಆಕ್ಸಿಜನ್ ಜೊತೆ ಸೇರಿ CO₂ ಆಗುತ್ತೆ, ಅದಕ್ಕೆ ಬೇಕು." 1 ಅಂಕ ಸಿಕ್ತು. ಅದೂ ಪಾಪ ಅಂತ ಕೊಟ್ಟಿರಬೇಕು.

CO₂ ಹೊರಗೆ ಬರೋದಂತೂ ನಿಜ ತಾನೇ? ಅದರೊಳಗಿನ ಆಕ್ಸಿಜನ್ ನಾವು ಉಸಿರಾಡಿದ್ದಲ್ಲದೆ ಇನ್ನೆಲ್ಲಿಂದ ಬರಬೇಕು?

ಕೋಟೆ ರನ್ನರ್, ಚಿತ್ರದುರ್ಗ

ನನಗೂ ಇದೇ ತೊಂದರೆ ತಮ್ಮಾ. ಬೆಳಿಗ್ಗೆ ಕೋಟೆ ಮೆಟ್ಟಿಲು ಓಡಿ ಹತ್ತಿದರೆ ಅರ್ಧಕ್ಕೇ ತೊಡೆ ಉರಿಯುತ್ತೆ. ಆಕ್ಸಿಜನ್ ಸಾಲದೆ ಸೈಕಲ್ ನಿಂತುಹೋಗುತ್ತೆ ಅಂತ ಕೋಚ್ ಹೇಳಿದರು. ಉಸಿರು ಹೆಚ್ಚು ಎಳೆದರೆ ಸರಿಹೋಗುತ್ತಾ?

ಲ್ಯಾಬ್ ಅಕ್ಕ

ಹುಡುಗನ ಪ್ರಶ್ನೆ ಮೊದಲು. ಒಂದು ಸುತ್ತಿನ ಲೆಕ್ಕ ಇಷ್ಟೇ (H⁺ ಬಿಟ್ಟಿದ್ದೇನೆ):

```
Acetyl-CoA + 3 NAD⁺ + FAD + GDP + Pi + 2 H₂O
→ 2 CO₂ + 3 NADH + FADH₂ + GTP + CoA
```

ಎಡಗಡೆ O₂ ಇದೆಯಾ? ಇಲ್ಲ. ನೀರು ಇದೆ. ಈಗ CO₂ ಒಳಗಿನ ಆಕ್ಸಿಜನ್ ಪರಮಾಣುಗಳನ್ನು ನೀನೇ ಎಣಿಸಿ ಹೇಳು.

ಭಟ್ಟಿ ಹುಡುಗ

2 CO₂ ಅಂದ್ರೆ 4 ಬೇಕು. ಅಸಿಟೈಲ್‌ನಲ್ಲಿ 1, ನೀರಿನಿಂದ 2. ಒಟ್ಟು 3. ಒಂದು ಕಡಿಮೆ ಬಿತ್ತಲ್ಲ ಅಕ್ಕ?

ಲ್ಯಾಬ್ ಅಕ್ಕ

ಅದನ್ನು ಹಿಡಿದೆಯಲ್ಲ, ಭೇಷ್. ನಾಲ್ಕನೆಯದು ಫಾಸ್ಫೇಟ್‌ನದು. ಸಕ್ಸಿನೈಲ್ ಕೋಎ ಸಕ್ಸಿನೇಟ್ ಆಗುವಾಗ Pi ತನ್ನ ಒಂದು ಆಕ್ಸಿಜನ್ ಅನ್ನು ಸಕ್ಸಿನೇಟ್‌ಗೆ ಬಿಟ್ಟು, ಉಳಿದದ್ದರ ಜೊತೆ GDP ಮೇಲೆ ಕೂರುತ್ತೆ. ಈ ಪರಮಾಣುಗಳೆಲ್ಲ ಅದೇ ಸುತ್ತಿನಲ್ಲೇ CO₂ ಆಗಿ ಹೊರಗೆ ಬರಲ್ಲ, ಮುಂದಿನ ಸುತ್ತುಗಳಲ್ಲಿ ಬರುತ್ತವೆ. ಆದರೆ ಲೆಕ್ಕ ಸರಿಹೋಗುತ್ತೆ. ನೀನು ಉಸಿರಾಡಿದ ಆಕ್ಸಿಜನ್ ಇಲ್ಲಿಗೆ ಬರೋದೇ ಇಲ್ಲ. ಅದು ಕೊನೆಗೆ ನೀರಾಗುತ್ತೆ.

ಪುಟ್ಟಿ, ಸೆಕೆಂಡ್ ಇಯರ್

ಇದು ಸುಲಭ ಅಲ್ವಾ. ಆಕ್ಸಿಜನ್ ಇಲ್ಲದಿದ್ದರೆ NADH ಖಾಲಿ ಆಗಲ್ಲ, NAD⁺ ಸಿಗಲ್ಲ, ಸೈಕಲ್ ನಿಲ್ಲುತ್ತೆ. ಅದಕ್ಕೇ ಪೈರುವೇಟ್ ಲ್ಯಾಕ್ಟೇಟ್ ಆಗಿ NAD⁺ ವಾಪಸ್ ಕೊಡುತ್ತೆ, ಸೈಕಲ್ ಮತ್ತೆ ಓಡುತ್ತೆ.

ಲ್ಯಾಬ್ ಅಕ್ಕ

ಮೊದಲ ಅರ್ಧ ಸರಿ ಪುಟ್ಟಿ. ಎರಡನೇ ಅರ್ಧಕ್ಕೆ ಅಂಕ ಹೋಗುತ್ತೆ. ಒಂದು ಗ್ಲೂಕೋಸ್ ತಗೋ. ಗ್ಲೈಕಾಲಿಸಿಸ್‌ನಲ್ಲಿ 2 NADH, 2 ಪೈರುವೇಟ್ ಬರುತ್ತೆ. ಆ 2 NADH ಖಾಲಿ ಮಾಡೋಕೆ 2 ಪೈರುವೇಟೂ ಲ್ಯಾಕ್ಟೇಟ್ ಆಗಲೇಬೇಕು. ಸೈಕಲ್‌ಗೆ ಕಳಿಸೋಕೆ ಏನು ಉಳಿಯಿತು? ಇನ್ನೊಂದು ವಿಷಯ: ಲ್ಯಾಕ್ಟೇಟ್ ಕೆಲಸ ನಡೆಯೋದು ಸೈಟೋಸಾಲ್‌ನಲ್ಲಿ. ಸೈಕಲ್ ಇರೋದು ಮೈಟೊಕಾಂಡ್ರಿಯಾ ಒಳಗೆ. ಒಳಪೊರೆಯನ್ನು NADH ದಾಟಲ್ಲ. ಅಲ್ಲಿ ಹುಟ್ಟಿದ NADH ಅಲ್ಲೇ ಖಾಲಿ ಆಗಬೇಕು.

ಭಟ್ಟಿ ಹುಡುಗ

ಖಾಲಿ ಅಂದಾಗ ಹೊಳೀತು. ನಮ್ಮಪ್ಪ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡೋದು. ಹಬ್ಬದ ಹೊತ್ತಲ್ಲಿ ಲಾರಿ ಎರಡು ದಿನ ವಾಪಸ್ ಬರಲಿಲ್ಲ. ಅಕ್ಕಿ ಇತ್ತು, ಒಲೆ ಉರೀತಿತ್ತು, ತುಂಬೋಕೆ ಖಾಲಿ ಚೀಲ ಇರಲಿಲ್ಲ. ಸಂಜೆಗೆ ಭಟ್ಟಿ ನಿಲ್ಲಿಸಿದ್ರು. ಹುರಿಯೋಕೆ ಲಾರಿ ಬೇಕಿಲ್ಲ, ಆದ್ರೂ ಲಾರಿ ಇಲ್ಲದೆ ಹುರಿಯೋಕಾಗಲ್ಲ. NAD⁺ ಖಾಲಿ ಚೀಲ, NADH ತುಂಬಿದ ಚೀಲ. ಸರೀನಾ?

ಲ್ಯಾಬ್ ಅಕ್ಕ

ಸರಿಯಾಗಿದೆ. ಚೀಲ ಇಳಿಸಿಕೊಳ್ಳೋ ಕಡೆ, ಅಂದ್ರೆ ಎಲೆಕ್ಟ್ರಾನ್ ಸಾಗಣೆ ಸರಪಳಿಯ ತುದಿಯಲ್ಲಿ, ಆಕ್ಸಿಜನ್ ನಿಂತಿದೆ. ಅದಿಲ್ಲದಿದ್ದರೆ ಹಿಂದಿನಿಂದ ಜಾಮ್. ಎಲೆಕ್ಟ್ರಾನ್ ಮುಂದೆ ಹೋಗಲ್ಲ, ಮೊದಲ ಕಾಂಪ್ಲೆಕ್ಸ್ NADH ತಗೊಳ್ಳಲ್ಲ, NAD⁺ ಕಡಿಮೆ ಆಗುತ್ತಾ ಬರುತ್ತೆ. ಸೈಕಲ್‌ನಲ್ಲಿ ಮೂರು ಕಡೆ NAD⁺ ಬೇಕು. ಅದರಲ್ಲಿ ನನಗೆ ಮುಖ್ಯ ಅನಿಸೋದು ಕೊನೆಯ ಹಂತ. ಮ್ಯಾಲೇಟ್ ಆಕ್ಸಲೋಅಸಿಟೇಟ್ ಆಗೋದು ಮೊದಲೇ ಒಲ್ಲದ ಮನಸ್ಸಿನ ರಿಯಾಕ್ಷನ್. NADH ಜಾಸ್ತಿ ಆದರೆ ಹಿಂದಕ್ಕೇ ತಿರುಗುತ್ತೆ. ಆಕ್ಸಲೋಅಸಿಟೇಟ್ ಇಲ್ಲದಿದ್ದರೆ ಹೊಸ ಅಸಿಟೈಲ್ ಕೋಎ ಯಾರ ಜೊತೆ ಸೇರಬೇಕು?

ಆದರೆ ನಿನ್ನ ಹೋಲಿಕೆ FADH₂ಗೆ ಒಗ್ಗಲ್ಲ. FAD ಓಡಾಡೋ ಚೀಲ ಅಲ್ಲ, ಸಕ್ಸಿನೇಟ್ ಡಿಹೈಡ್ರೋಜಿನೇಸ್‌ಗೆ ಅಂಟಿಕೊಂಡೇ ಇರುತ್ತೆ. ಆ ಎನ್‌ಜೈಮ್ ಒಳಪೊರೆಯಲ್ಲೇ ಕೂತಿದೆ, ಅದೇ ಸರಪಳಿಯ ಎರಡನೇ ಕಾಂಪ್ಲೆಕ್ಸ್.

ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮಟನ್ ಅಂಗಡಿಯಿಂದ ಮೇಕೆ ಹೃದಯ ತಂದು, ಸಣ್ಣಗೆ ಕೊಚ್ಚಿ, ಬಫರ್‌ನಲ್ಲಿ ಅರೆದು ಟ್ಯೂಬ್‌ಗೆ ಹಾಕಿದ್ವಿ. ಸಕ್ಸಿನೇಟ್ ಹಾಕಿ, ಮೆಥಿಲೀನ್ ಬ್ಲೂ ಹನಿಸಿ, ಗಾಳಿ ತಾಗದಂತೆ ಮೇಲೆ ಎಣ್ಣೆ ಬಿಟ್ವಿ. ಕೆಳಗಿನಿಂದ ನೀಲಿ ಮಾಯ. ಎಣ್ಣೆ ತಾಗೋ ಕಡೆ ಮಾತ್ರ ಸಣ್ಣ ನೀಲಿ ಗೆರೆ ಉಳಿದಿತ್ತು. ಟ್ಯೂಬ್ ಜೋರಾಗಿ ಅಲುಗಾಡಿಸಿದರೆ ಗಾಳಿ ಸೇರಿ ಮತ್ತೆ ನೀಲಿ. ಮ್ಯಾಲೊನೇಟ್ ಹಾಕಿದ್ದ ಪಕ್ಕದ ಟ್ಯೂಬ್ ಮಾತ್ರ ನೀಲಿಯಾಗೇ ಇತ್ತು, ಅದು ಆ ಎನ್‌ಜೈಮನ್ನೇ ತಡೆಯುತ್ತೆ. ಇದರಿಂದ ಗೊತ್ತಾಗೋದೇನು? ಆ ಹಂತಕ್ಕೆ ಆಕ್ಸಿಜನ್ನೇ ಬೇಕು ಅಂತಿಲ್ಲ, ಎಲೆಕ್ಟ್ರಾನ್ ತಗೊಳ್ಳೋರು ಯಾರಾದ್ರೂ ಬೇಕು. ಇಲ್ಲಿ ಆ ಕೆಲಸ ಬಣ್ಣ ಮಾಡಿತು.

ಪುಟ್ಟಿ

ಹಾಗಾದ್ರೆ ಸಯನೈಡ್?

ಲ್ಯಾಬ್ ಅಕ್ಕ

ಅದು ಇದರ ತಿರುಗುಮುರುಗು. ಆಕ್ಸಿಜನ್ ಬೇಕಾದಷ್ಟಿದೆ, ಆದರೆ ಅದಕ್ಕೆ ಎಲೆಕ್ಟ್ರಾನ್ ಕೊಡೋ ನಾಲ್ಕನೇ ಕಾಂಪ್ಲೆಕ್ಸ್‌ಗೆ ಬೀಗ. ಸೈಕಲ್ ಆಗಲೂ ಜಾಮ್. ಆಕ್ಸಿಜನ್ ಇದ್ದರಷ್ಟೇ ಸಾಲದು, ಅದನ್ನು ಬಳಸಿಕೊಳ್ಳೋಕೂ ಆಗಬೇಕು. ಪ್ರಶ್ನೆಯಲ್ಲಿ "ನೇರವಾಗಿ ಅಲ್ಲ" ಅಂತ ಇರೋದು ಇದಕ್ಕೇ.

ರನ್ನರ್ ಅಣ್ಣಾ, ನಿಮ್ಮದು ಬೇರೆ ಕಥೆ. ಮೆಟ್ಟಿಲು ಹತ್ತುವಾಗ ನಿಮ್ಮ ಸೈಕಲ್ ನಿಲ್ಲಲ್ಲ, ಜೋರಾಗೇ ಓಡುತ್ತೆ. ಗ್ಲೈಕಾಲಿಸಿಸ್ ಅದಕ್ಕಿಂತ ಜೋರಾಗಿ ಪೈರುವೇಟ್ ಸುರಿಯುತ್ತೆ, ಮಿಕ್ಕಿದ್ದು ಲ್ಯಾಕ್ಟೇಟ್ ಆಗುತ್ತೆ. ಆ ಲ್ಯಾಕ್ಟೇಟನ್ನು ಹೃದಯವೇ ಉರಿಸಿಕೊಳ್ಳುತ್ತೆ. ತೊಡೆ ಉರಿಗೆ ಅದೊಂದನ್ನೇ ದೂರಬೇಡಿ.

ಕೋಟೆ ರನ್ನರ್

ಕೋಚ್‌ಗೆ ಇದನ್ನು ಹೇಳೋ ಧೈರ್ಯ ನನಗಿಲ್ಲ 😀

ಭಟ್ಟಿ ಹುಡುಗ

ಉತ್ತರ ಮತ್ತೆ ಬರೆದೆ, ನೋಡಿ ಅಕ್ಕ: "ಸೈಕಲ್‌ನ ಯಾವ ಹಂತದಲ್ಲೂ O₂ ಬಳಕೆಯಾಗುವುದಿಲ್ಲ. ಒಂದು ಅಸಿಟೈಲ್ ಕೋಎಯಿಂದ ನೇರವಾಗಿ ಸಿಗುವುದು 1 GTP ಮಾತ್ರ. ಉಳಿದ ಶಕ್ತಿ 3 NADH ಮತ್ತು 1 FADH₂ನಲ್ಲಿ ಇರುತ್ತದೆ. ಇವು ಎಲೆಕ್ಟ್ರಾನ್ ಅನ್ನು ಸರಪಳಿಗೆ ಕೊಟ್ಟು ಮತ್ತೆ NAD⁺, FAD ಆಗಬೇಕು. ಸರಪಳಿಯ ಕೊನೆಯಲ್ಲಿ ಎಲೆಕ್ಟ್ರಾನ್ ಪಡೆಯುವುದು O₂. ಅದಿಲ್ಲದಿದ್ದರೆ NAD ಖಾಲಿಯಾಗಿ ಸೈಕಲ್ ನಿಲ್ಲುತ್ತದೆ. ಒಟ್ಟು: 7.5 + 1.5 + 1 = 10 ATP."

ಲ್ಯಾಬ್ ಅಕ್ಕ

"NAD ಖಾಲಿಯಾಗಿ" ಅನ್ನೋದನ್ನು ತಿದ್ದು. ಒಟ್ಟು ಚೀಲ ಅಷ್ಟೇ ಇವೆ, ಖಾಲಿ ಚೀಲ ಇಲ್ಲ ಅಷ್ಟೇ. "NAD⁺ ಕಡಿಮೆಯಾಗಿ, NADH ಹೆಚ್ಚಾಗಿ" ಅಂತ ಬರಿ. NADH ಹೆಚ್ಚಾದರೆ ಐಸೊಸಿಟ್ರೇಟ್ ಡಿಹೈಡ್ರೋಜಿನೇಸ್ ಕೂಡ ತಡೆಯಲ್ಪಡುತ್ತೆ ಅಂತ ಒಂದು ಸಾಲು ಸೇರಿಸು. ಇನ್ನು ಇದೆಲ್ಲ ನಮ್ಮ ಜೀವಕೋಶದ ಮಾತು. ಇ. ಕೋಲೈನಂಥ ಬ್ಯಾಕ್ಟೀರಿಯಾ ಆಕ್ಸಿಜನ್ ಇಲ್ಲದಾಗ ಇದೇ ಹಂತಗಳನ್ನು ತುಂಡು ಮಾಡಿ, ಒಂದು ಕಡೆ ಹಿಂದಕ್ಕೂ ಓಡಿಸುತ್ತೆ. ಪರೀಕ್ಷೆಯಲ್ಲಿ ಅದರ ತಂಟೆಗೆ ಹೋಗಬೇಡ.

ಪುಟ್ಟಿ

10 ಅಂತ ಬರೆದರೆ ನಮ್ಮ ಸರ್ ಅರ್ಧ ಅಂಕ ಕಳೀತಾರೆ. ಅವರದು ಹಳೇ ಲೆಕ್ಕ, NADHಗೆ 3, FADH₂ಗೆ 2, ಒಟ್ಟು 12.

ಲ್ಯಾಬ್ ಅಕ್ಕ

2.5, 1.5 ಲೆಕ್ಕ ಅಂತ ಪಕ್ಕದಲ್ಲೇ ಬರೆದಿಡಿ. ಆಮೇಲೆ ಕೊಡೋದು ಬಿಡೋದು ಅವರಿಗೆ ಬಿಟ್ಟಿದ್ದು.

ಭಟ್ಟಿ ಹುಡುಗ

ನಮ್ಮ ಪೇಪರ್ ಯಾವ ಕಾಲೇಜಿಗೆ ಹೋಗುತ್ತೋ ಗೊತ್ತಿಲ್ಲವಲ್ಲ ಅಕ್ಕ. ಎರಡೂ ಬರೆದರೆ ಎರಡೂ ಕಡೆ ಕಳೆದ್ರೆ?