ಪದಚರ್ಚೆ: ಎರಡು ಚೌಕದ ಸಂಕೇತ ಪ್ರಶ್ನೆಯಲ್ಲಿ ರೋ, ಕಾಲಂಗೆ ಏನು ಬರೆಯೋಣ?

ದೇಚಮ್ಮ, ಪೊನ್ನಂಪೇಟೆ:

ಎಲ್ಲರಿಗೂ ನಮಸ್ಕಾರ. ಎರಡು ಪದ ಬೇಕು, ನಾಳೆ ಸಂಜೆಯೊಳಗೆ. ಗೋಣಿಕೊಪ್ಪದಲ್ಲಿ ಅಚ್ಚಿಗೆ ಕೊಡಬೇಕಾದ ಹಾಳೆ ಇದು.

ನಮ್ಮೂರ ವಾಚನಾಲಯದಲ್ಲಿ ಎಸ್‌ಎಸ್‌ಸಿ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಗೆ ಕನ್ನಡದಲ್ಲಿ ಅಭ್ಯಾಸದ ಹಾಳೆ ಮಾಡುತ್ತಿದ್ದೇವೆ. 2023ರಿಂದ ಎಂಟಿಎಸ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಹಾಗಾಗಿ ಕನ್ನಡ ಹಾಳೆ ಕೇಳುವವರು ಜಾಸ್ತಿಯಾಗಿದ್ದಾರೆ. ಹಳೇ ಪ್ರಶ್ನೆಪತ್ರಿಕೆಗಳಲ್ಲಿ ಬರುವ ಎರಡು ಮ್ಯಾಟ್ರಿಕ್ಸ್ ಪ್ರಶ್ನೆ ನಿಮಗೆ ಗೊತ್ತಲ್ವಾ? ಒಂದನೆಯದಕ್ಕೆ ಮೇಲೂ ಪಕ್ಕದಲ್ಲೂ 0ರಿಂದ 4, ಎರಡನೆಯದಕ್ಕೆ 5ರಿಂದ 9. ಪ್ರತಿ ಅಕ್ಷರಕ್ಕೂ ಮೊದಲು ರೋ ಸಂಖ್ಯೆ, ಆಮೇಲೆ ಕಾಲಂ ಸಂಖ್ಯೆ. ಒಂದು ಪದ ಕೊಟ್ಟು, ನಾಲ್ಕು ಆಯ್ಕೆಯಲ್ಲಿ ಅದಕ್ಕೆ ಹೊಂದುವ ಸಂಖ್ಯೆಗಳು ಯಾವುವು ಅಂತ ಕೇಳುತ್ತಾರೆ.

ನಾನು ಬರೆದಿರುವ ಸೂಚನೆ: "ಅಕ್ಷರವನ್ನು ಮೊದಲು ಅದರ ಸಾಲಿನಿಂದ, ನಂತರ ಅದರ ಸ್ತಂಭದಿಂದ ಸೂಚಿಸಬೇಕು." ಇದನ್ನು ಓದಿದ ಹುಡುಗಿಯೊಬ್ಬಳು "ಸಾಲು ಅಂದರೆ ಮೇಲಿಂದ ಕೆಳಗಾ, ಅಡ್ಡಕ್ಕಾ?" ಅಂತ ಕೇಳಿದಳು. ನ್ಯಾಯವಾದ ಪ್ರಶ್ನೆ. ಸ್ತಂಭ ಅಂದರೇನು ಅಂತ ಅವಳಿಗೆ ಗೊತ್ತೇ ಇರಲಿಲ್ಲ. ಏನು ಬರೆಯಲಿ?

ಅಪ್ಪಯ್ಯ, ಸೋಮವಾರಪೇಟೆ:

ಸ್ತಂಭ ಬೇಡ. ನಿಲುಸಾಲು ಬರೆಯಿರಿ. ರೋಗೆ ಅಡ್ಡಸಾಲು. ಮುಗಿಯಿತು.

ಸಾಲು ನಮ್ಮ ನೆಲದ ಪದ. ನೇಗಿಲು ಗದ್ದೆಯಲ್ಲಿ ಎಳೆದ ಗೆರೆಯೇ ಸಾಲು. ಅಂಥ ಪದ ಕೈಯಲ್ಲಿರುವಾಗ ಸ್ತಂಭ, ಮಾತೃಕೆ ಅಂತ ಸಂಸ್ಕೃತಕ್ಕೆ ಓಡುವುದು ಯಾಕೆ? ಅದರಲ್ಲೂ ಮ್ಯಾಟ್ರಿಕ್ಸ್‌ಗೆ ಮಾತೃಕೆ! ಇಂಗ್ಲಿಷಿನವರು ಲ್ಯಾಟಿನ್ನಿನಿಂದ ಗರ್ಭ ಅನ್ನುವ ಅರ್ಥದ ಪದ ತಂದರು. ನಾವು ಅದನ್ನು ಸಂಸ್ಕೃತಕ್ಕೆ ತಿರುಗಿಸಿ ಕನ್ನಡ ಅಂದುಕೊಂಡೆವು.

ಲೋಕೇಶ, ಭಾಗಮಂಡಲ:

ಅಕ್ಕಾ, ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಡಿ. ನಾನು ಇಂಥ ಪ್ರಶ್ನೆಗಳನ್ನು ಬೇಕಾದಷ್ಟು ಮಾಡಿದ್ದೇನೆ. ಯಾವ ಸಂಖ್ಯೆ ಮೊದಲು ಓದಿದರೂ ಉತ್ತರ ಒಂದೇ ಬರುತ್ತದೆ. ಮುಖ್ಯವಾದದ್ದು ಬೇರೆ. ಮೊದಲ ಚೌಕದ ಅಕ್ಷರಕ್ಕೆ ಎರಡೂ ಅಂಕಿ 4ರೊಳಗೆ, ಎರಡನೆಯದಕ್ಕೆ ಎರಡೂ 5 ಮತ್ತು ಮೇಲೆ ಇರಬೇಕು. 37 ಅಂತ ಎಲ್ಲಾದರೂ ಕಂಡರೆ ಆ ಆಯ್ಕೆಯನ್ನು ನೋಡದೆ ಹೊಡೆದುಹಾಕಿ. ಇದನ್ನು ಹಾಳೆಯಲ್ಲಿ ಬರೆಯಿರಿ, ಸಾಕು. ನಾನು ಅಭ್ಯಾಸ ಮಾಡಿದ ಚೌಕ ಹೀಗಿತ್ತು:

```
    0 1 2 3 4
0   ನ ಗ ರ ಮ ಳ
1   ಗ ರ ಮ ಳ ನ
2   ರ ಮ ಳ ನ ಗ
3   ಮ ಳ ನ ಗ ರ
4   ಳ ನ ಗ ರ ಮ
```

ಇಲ್ಲಿ 12ರಲ್ಲೂ ಮ, 21ರಲ್ಲೂ ಮ. ನೀವೇ ನೋಡಿ.

ರಫೀಕ್, ವಿರಾಜಪೇಟೆ:

ಕಾಲಂ ಅಂತಲೇ ಬರೆಯಿರಿ. ಯಾರಿಗೆ ಗೊತ್ತಿಲ್ಲ ಕಾಲಂ? ನಮ್ಮ ಪಹಣಿಯಲ್ಲಿ 9ನೇ ಕಾಲಂ, 11ನೇ ಕಾಲಂ ಅಂತ ಹಳ್ಳಿಯ ಅಜ್ಜಿಯೂ ಹೇಳುತ್ತಾರೆ. ಅಂದ ಹಾಗೆ, 11ನೇ ಕಾಲಂನಲ್ಲಿ ತೀರಿಸಿದ ಸಾಲ ಇನ್ನೂ ಕೂತಿದೆ. ಅದನ್ನು ತೆಗೆಸುವ ಅರ್ಜಿಯನ್ನು ಕನ್ನಡದಲ್ಲಿ ಹೇಗೆ ಬರೆಯಬೇಕು ಅಂತ ಇಲ್ಲಿ ಯಾರಿಗಾದರೂ ಗೊತ್ತಾ? ಒಂದು ಕಚೇರಿಯವರು ಎರಡು ಸಲ ವಾಪಸ್ ಕಳಿಸಿದ್ದಾರೆ.

ಶಿವಣ್ಣ, ಕುಶಾಲನಗರ:

ರಫೀಕ್, ಅರ್ಜಿ ವಿಷಯ ಬೇರೆ ಓಲೆಯಲ್ಲಿ ಕೇಳಿ, ಖಂಡಿತ ಬರೆದುಕೊಡುತ್ತೇನೆ. ಆದರೆ ನಿಮ್ಮ ಉದಾಹರಣೆಯೇ ಕಾಲಂ ಯಾಕೆ ಬೇಡ ಅಂತ ತೋರಿಸುತ್ತದೆ. ಪಹಣಿಯ ಕಾಲಂ ಅಂದರೆ ನಂಬರು ಹಾಕಿದ ಒಂದು ಜಾಗ. ಅರ್ಜಿಯಲ್ಲಿ "ನಾಲ್ಕನೇ ಕಾಲಂ ತುಂಬಿ" ಅಂದಾಗ ನಾವು ತುಂಬುವುದು ಅಡ್ಡಕ್ಕೆ ಇರುವ ಒಂದು ಖಾಲಿ ಗೆರೆ. ಕನ್ನಡದಲ್ಲಿ ಕಾಲಂ ಬಂದು ಕೂತಿರುವುದು ಈ ಅರ್ಥದಲ್ಲಿ. ಮೇಲಿಂದ ಕೆಳಕ್ಕೆ ಅನ್ನುವ ದಿಕ್ಕು ಅದರೊಳಗೆ ಉಳಿದಿಲ್ಲ. ನಮಗೆ ಬೇಕಾಗಿರುವುದು ಆ ದಿಕ್ಕೇ.

ಲೋಕೇಶ, ನೀನು ಹೇಳಿದ ಅಂಕಿಯ ಲೆಕ್ಕ ಸರಿ. "ಯಾವುದು ಮೊದಲಾದರೂ ಒಂದೇ" ಅನ್ನುವುದು ತಪ್ಪು. ನೀನು ಕಳಿಸಿದ ಚೌಕದಲ್ಲಿ ಪ್ರತಿ ಸಾಲೂ ಮೇಲಿನ ಸಾಲಿಗಿಂತ ಒಂದು ಮನೆ ಎಡಕ್ಕೆ ಸರಿದಿದೆ. ಹಾಗೆ ಮಾಡಿದರೆ ಮೂಲೆಯಿಂದ ಮೂಲೆಗೆ ಮಡಚಿದಾಗ ಎರಡೂ ಕಡೆ ಒಂದೇ ಅಕ್ಷರ ಬರುತ್ತದೆ. ತಿರುಗಿಸಿ ಓದಿದವನಿಗೂ ಸರಿಯುತ್ತರ ಸಿಗುತ್ತದೆ, ತಾನು ತಿರುಗಿಸಿ ಓದುತ್ತಿದ್ದೇನೆ ಅಂತ ತಿಳಿಯುವುದೇ ಇಲ್ಲ. ಈಗ ಅದೇ ಅಕ್ಷರಗಳನ್ನು ಬಲಕ್ಕೆ ಸರಿಸಿ ನೋಡೋಣ:

```
    0 1 2 3 4          5 6 7 8 9
0   ನ ಗ ರ ಮ ಳ      5   ಕ ಡ ಲ ಸ ಬ
1   ಳ ನ ಗ ರ ಮ      6   ಬ ಕ ಡ ಲ ಸ
2   ಮ ಳ ನ ಗ ರ      7   ಸ ಬ ಕ ಡ ಲ
3   ರ ಮ ಳ ನ ಗ      8   ಲ ಸ ಬ ಕ ಡ
4   ಗ ರ ಮ ಳ ನ      9   ಡ ಲ ಸ ಬ ಕ
```

ಪದ: ಕಮಲ. ಆಯ್ಕೆಗಳು:

```
ಅ)  66, 31, 79
ಆ)  88, 13, 97
ಇ)  55, 20, 86
ಈ)  77, 42, 58
```

ಅಡ್ಡಸಾಲು ಮೊದಲು ಓದಿದರೆ 66ರಲ್ಲಿ ಕ, 31ರಲ್ಲಿ ಮ, 79ರಲ್ಲಿ ಲ. ಉತ್ತರ ಅ. ತಿರುಗಿಸಿ ಓದುವವನು 'ಆ'ದಲ್ಲಿ 13ಕ್ಕೆ ಹೋಗುವ ಬದಲು 31ರ ಮನೆಗೆ ಹೋಗುತ್ತಾನೆ, 97ರ ಬದಲು 79ಕ್ಕೆ. ಅವನಿಗೆ ಅಲ್ಲಿ ಕಮಲವೇ ಕಾಣುತ್ತದೆ. ಖುಷಿಯಿಂದ 'ಆ' ಅಂತ ಗುರುತು ಹಾಕುತ್ತಾನೆ. ನಿಜಕ್ಕೂ ಅಲ್ಲಿರುವುದು ಕ, ರ, ಸ.

ಈ ಚೌಕದಲ್ಲಿ ಇನ್ನೊಂದು ಗುಣ ಇದೆ. ತಿರುಗಿಸಿ ಓದಿದಾಗ ತಪ್ಪು ಹೇಗೆ ಬೇಕೋ ಹಾಗೆ ಬರುವುದಿಲ್ಲ. ಮ ಇದ್ದ ಕಡೆ ಯಾವಾಗಲೂ ರ ಬರುತ್ತದೆ, ಗ ಇದ್ದ ಕಡೆ ಳ. ಎರಡನೆಯದರಲ್ಲಿ ಲ ಮತ್ತು ಸ ಜೋಡಿ, ಡ ಮತ್ತು ಬ ಜೋಡಿ. ನ ಮತ್ತು ಕ ಮಾತ್ರ ಬದಲಾಗುವುದಿಲ್ಲ, ಯಾಕಂದರೆ ಅವು 00, 11, 55, 66 ಹೀಗೆ ಎರಡೂ ಅಂಕಿ ಒಂದೇ ಇರುವ ಮನೆಗಳಲ್ಲಿ ಕೂತಿವೆ. ಹಾಗಾಗಿ ಹುಡುಗರ ಉತ್ತರ ನೋಡಿದರೇ ಗೊತ್ತಾಗುತ್ತದೆ. ಮರ ಅಂತ ಕೇಳಿದಾಗ ರಮದ ಸಂಖ್ಯೆ ಗುರುತಿಸಿದವರಿಗೆ ಲೆಕ್ಕ ಬರುತ್ತದೆ, ಸೂಚನೆ ಮಾತ್ರ ಅರ್ಥವಾಗಿಲ್ಲ.

ದೇಚಮ್ಮ, ಪದ ಯಾವುದೇ ಇರಲಿ, ಅದನ್ನು ಇಂಥ ಚೌಕದಲ್ಲಿ ಪರೀಕ್ಷಿಸಿ. ಎಡಕ್ಕೆ ಸರಿಸಿದ ಚೌಕ ಕೊಟ್ಟರೆ ಯಾವ ಕೆಟ್ಟ ಪದವೂ ಪಾಸಾಗುತ್ತದೆ.

ನನ್ನ ಸಲಹೆ ಅಡ್ಡಸಾಲು, ಕಂಬಸಾಲು. ಶಾಲೆಯ ಗಣಿತದಲ್ಲಿ ಮಕ್ಕಳು ಆಗಲೇ ಓದಿರುವ ಜೋಡಿ ಅದು.

ಲೋಕೇಶ, ಭಾಗಮಂಡಲ:

ಮೇಷ್ಟ್ರೇ, ಮಾಡಿ ನೋಡಿದೆ. 42ರಲ್ಲಿ ಮ, 24ರಲ್ಲಿ ರ. ಆದರೂ ಪರೀಕ್ಷೆಯಲ್ಲಿ ಅಕ್ಷರಗಳು ಹೀಗೆ ನೇರವಾಗಿ ಒಂದೊಂದೇ ಮನೆ ಸರಿದು ಬರುತ್ತವೆ ಅಂತ ಹೇಳಲಾಗದು. ಕೆಲವು ಪ್ರಶ್ನೆಗಳಲ್ಲಿ ಸಾಲುಗಳು ಕಲಸಿಹೋಗಿರುತ್ತವೆ. ಆಗ ನಿಮ್ಮ ಜೋಡಿ ಲೆಕ್ಕ ನಡೆಯುವುದಿಲ್ಲ.

ಶಿವಣ್ಣ, ಕುಶಾಲನಗರ:

ನಿಜ, ಆಗ ಜೋಡಿ ಇರುವುದಿಲ್ಲ. ಒಂದೊಂದೇ ಮನೆ ನೋಡಬೇಕು. ಪರೀಕ್ಷೆಗೆ ಕೂತವರು ಆ ಜೋಡಿಯನ್ನು ನೆಚ್ಚಬಾರದು. ಅದು ಹಾಳೆ ಮಾಡುವವರ ಅನುಕೂಲಕ್ಕೆ.

ಅಪ್ಪಯ್ಯ, ಸೋಮವಾರಪೇಟೆ:

ಕಂಬಸಾಲು ಒಪ್ಪುವುದಿಲ್ಲ. ಕಂಬವೂ ಸಂಸ್ಕೃತದ ಸ್ಕಂಭದಿಂದ ಬಂದದ್ದೇ. ಸ್ತಂಭ ಬಿಟ್ಟು ಕಂಬ ಹಿಡಿದರೆ ಏನು ಗೆದ್ದಂತಾಯಿತು? ನಿಲುಸಾಲು ಎರಡೂ ತುಂಡು ಕನ್ನಡದವು.

ಶಿವಣ್ಣ, ಕುಶಾಲನಗರ:

ಮನೆ ಮುಂದಿನ ಕಂಬಕ್ಕೆ ನೀವು ಏನನ್ನುತ್ತೀರಿ ಅಪ್ಪಯ್ಯನವರೇ? ಸಾವಿರ ವರ್ಷ ಬಾಯಲ್ಲಿ ಸವೆದ ಪದವನ್ನು ಊರು ಬಿಡಿಸುವ ಹಟ ನನಗಿಲ್ಲ.

ಮುತ್ತಮ್ಮ, ಸುಂಟಿಕೊಪ್ಪ:

ಉದ್ದಸಾಲು ಅಂತ ಬರೆಯಬಾರದಾ? ಅಡ್ಡ, ಉದ್ದ ಅನ್ನುವುದು ಎಲ್ಲರ ಬಾಯಲ್ಲೂ ಇದೆ.

ನಮ್ಮ ತೋಟದಲ್ಲಿ ಮಾತ್ರ ಇದು ತೊಂದರೆ ಕೊಡುತ್ತದೆ ಅನ್ನಿ. ಇಳಿಜಾರಿನಲ್ಲಿ ಕಾಫಿ ಗಿಡ ನೆಡುವಾಗ ಅಡ್ಡ ಅಂದರೆ ಇಳಿಜಾರಿಗೆ ಅಡ್ಡ. ಆ ಸಾಲೇ ಉದ್ದವಾಗಿರುತ್ತದೆ. ಹೊಸ ಕೆಲಸದವರಿಗೆ "ಉದ್ದದ ಸಾಲಿಗೆ ಗೊಬ್ಬರ ಹಾಕಿ" ಅಂದರೆ ಒಬ್ಬೊಬ್ಬರು ಒಂದೊಂದು ಕಡೆ ಹೋಗುತ್ತಾರೆ.

ದೇಚಮ್ಮ, ಪೊನ್ನಂಪೇಟೆ:

ಮುತ್ತಮ್ಮಕ್ಕ, ಉದ್ದ ಬೇಡ ಅಂತ ನಿಮ್ಮ ಮಾತಿನಿಂದಲೇ ತೀರ್ಮಾನ ಮಾಡಿದೆ. ಐದು ಮನೆ ಅಡ್ಡ, ಐದು ಮನೆ ಕೆಳಕ್ಕೆ. ಇದರಲ್ಲಿ ಉದ್ದ ಯಾವುದು ಅಂತ ಮಗು ಹೇಗೆ ಹೇಳಬೇಕು?

ಇನ್ನೊಂದು ಕೇಳುತ್ತೇನೆ. ಹಳೇ ಪತ್ರಿಕೆಗಳ ಚೌಕದಲ್ಲಿ ಇರುವುದು ಇಂಗ್ಲಿಷ್ ಅಕ್ಷರ. ನಾನು ಕನ್ನಡ ಅಕ್ಷರ ಹಾಕಲು ಹೋಗಿ ಒದ್ದಾಡಿದೆ. ಕೊಡಗು ಅನ್ನುವ ಪದವನ್ನೇ ಬರೆಯಲು ಆಗುವುದಿಲ್ಲ. ಚೌಕದಲ್ಲಿ ಕ, ಡ, ಗ ಇದ್ದರೂ ಕೊ, ಗು ಇಲ್ಲವಲ್ಲ. ಕಮಲ, ನಗರ, ಬಳಗ, ಸರಳ ಇಂಥ ಪದಗಳಿಗೇ ಅಂಟಿಕೊಳ್ಳಬೇಕಾಗುತ್ತದೆ.

ಅಪ್ಪಯ್ಯ, ಸೋಮವಾರಪೇಟೆ:

ಅಂಟಿಕೊಳ್ಳಿ. ಅಂಥ ಪದಗಳಿಗೆ ಕನ್ನಡದಲ್ಲಿ ಬರವಿಲ್ಲ. ಕನ್ನಡದ ಹಾಳೆಯಲ್ಲಿ ಇಂಗ್ಲಿಷ್ ಅಕ್ಷರ ನೋಡಲಾರೆ.

ಲೋಕೇಶ, ಭಾಗಮಂಡಲ:

ಪರೀಕ್ಷೆಗೆ ಹೋಗುವವರು ನಾವು. ಅಲ್ಲಿ ಇಂಗ್ಲಿಷ್ ಅಕ್ಷರ ಬಂದರೆ ಕಣ್ಣಿಗೆ ಅದೇ ಅಭ್ಯಾಸ ಇರಬೇಕು. ಮೊದಲ ಎರಡು ಪ್ರಶ್ನೆ ಕನ್ನಡ ಅಕ್ಷರದಲ್ಲಿ ಕೊಡಿ ಅಕ್ಕಾ, ರೀತಿ ತಿಳಿಯಲಿ. ಉಳಿದದ್ದು ಇಂಗ್ಲಿಷಿನಲ್ಲಿ.

ಶಿವಣ್ಣ, ಕುಶಾಲನಗರ:

ಲೋಕೇಶ ಹೇಳಿದ್ದು ಸರಿ. ಮಾತೃಕೆ ಬಗ್ಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. 1850ರಲ್ಲಿ ಸಿಲ್ವೆಸ್ಟರ್ ಮ್ಯಾಟ್ರಿಕ್ಸ್ ಅನ್ನುವ ಹೆಸರನ್ನು ಗಣಿತಕ್ಕೆ ತಂದ. ಅದರಿಂದ ಬೇರೆ ಲೆಕ್ಕಗಳು ಹುಟ್ಟುತ್ತವೆ ಅನ್ನುವ ಭಾವ ಅದರಲ್ಲಿತ್ತು. ಸಂಸ್ಕೃತದ ಮಾತೃಕಾ ಅನ್ನುವುದಕ್ಕೆ ಅಕ್ಷರಮಾಲೆ ಅನ್ನುವ ಅರ್ಥವೂ ಇದೆ, ಅದನ್ನು ಅಪ್ಪಯ್ಯನವರು ಮರೆತರು. ಆದರೂ ಈ ಹಾಳೆಗೆ ಮಾತೃಕೆ ಬೇಡ ಅಂತಲೇ ನನ್ನ ಅಭಿಪ್ರಾಯ. ಇಲ್ಲಿ ಕೂಡಿಸುವುದಿಲ್ಲ, ಗುಣಿಸುವುದಿಲ್ಲ. 25 ಮನೆಯ ಚೌಕ, ಅಷ್ಟೇ. ಚೌಕ 1, ಚೌಕ 2 ಅಂತ ಬರೆಯಿರಿ.

ದೇಚಮ್ಮ, ಪೊನ್ನಂಪೇಟೆ:

ಇವತ್ತು ಬೆಳಿಗ್ಗೆ ಮೇಷ್ಟ್ರ ಚೌಕವನ್ನು ವಾಚನಾಲಯದಲ್ಲಿ ಹಂಚಿದೆ. ಕೆಲವು ಹಾಳೆಯಲ್ಲಿ ನಿಲುಸಾಲು, ಕೆಲವದರಲ್ಲಿ ಕಂಬಸಾಲು ಬರೆದಿದ್ದೆ. ಕಂಬಸಾಲು ಓದಿದವರು ಏನೂ ಕೇಳಲಿಲ್ಲ. ನಿಲುಸಾಲು ಓದಿದವರಲ್ಲಿ ಇಬ್ಬರು ಅರ್ಥ ಕೇಳಿದರು. ಹೇಳಿದ ಮೇಲೆ ಅವರೂ ಸರಿಯಾಗಿ ಮಾಡಿದರು. ಎರಡು ಗುಂಪಿನಲ್ಲೂ ಒಬ್ಬೊಬ್ಬರು 'ಆ' ಗುರುತಿಸಿದ್ದರು. ಕಾರಣ ಪದವಲ್ಲ, ಮೇಲಿನ ಅಂಕಿಯನ್ನು ಕಣ್ಣು ಮೊದಲು ಹಿಡಿಯುತ್ತದೆ ಅಂತ ಅವರೇ ಹೇಳಿದರು. ಅದಕ್ಕೆ ಉದಾಹರಣೆ ಸೇರಿಸಿದ್ದೇನೆ. ಅಚ್ಚಿಗೆ ಹೋದದ್ದು ಇದು:

"ಅಕ್ಷರಕ್ಕೆ ಮೊದಲು ಅಡ್ಡಸಾಲಿನ ಸಂಖ್ಯೆ, ಆಮೇಲೆ ಕಂಬಸಾಲಿನ ಸಂಖ್ಯೆ ಬರೆಯಿರಿ. ಎಡಪಕ್ಕದ ಅಂಕಿ ಮೊದಲು, ಮೇಲಿನ ಅಂಕಿ ನಂತರ. ಚೌಕ 1ರಲ್ಲಿ 'ಮ'ಕ್ಕೆ 31 ಸರಿ, 13 ತಪ್ಪು."

ಅಪ್ಪಯ್ಯ, ಸೋಮವಾರಪೇಟೆ:

ಎಡಪಕ್ಕ, ಮೇಲೆ ಅಂತ ಬರೆದದ್ದು ಒಳ್ಳೆಯದಾಯಿತು. ಕಂಬಸಾಲಿಗೆ ನನ್ನ ಒಪ್ಪಿಗೆ ಇಲ್ಲ. ಮುಂದಿನ ಹಾಳೆ ಅಚ್ಚಿಗೆ ಹೋಗುವ ಮೊದಲು ಇನ್ನೊಮ್ಮೆ ಕೇಳಿ.